ಮನೆಯವರ ಕಾಯಿಲೆಯಿಂದ ಕಾರ್ಯಕ್ರಮ ನಿಂತಾಗ ಸಭಾಭವನದ ಮುಂಗಡ ವಾಪಸ್ ಕೇಳುವ ಪತ್ರ: ಬರೆಯುವುದರಿಂದ ಹಣ ಕೈಸೇರುವವರೆಗೆ

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರದ ಕಡೆ ಮದುವೆ-ಮುಂಜಿಗೆ ಸಿಗುವ ಸಭಾಭವನಗಳಲ್ಲಿ ಬಹಳಷ್ಟು ಯಾರೋ ಒಬ್ಬ ಮಾಲೀಕರ ಸ್ವತ್ತಲ್ಲ. ದೇವಸ್ಥಾನದ ಆಡಳಿತ ಮಂಡಳಿ, ಸಮಾಜದ ಸಂಘ ಅಥವಾ ಸಹಕಾರಿ ಸಂಘ ಅವನ್ನು ನಡೆಸುತ್ತದೆ. ಅಂಥ ಒಂದು ಸಭಾಭವನದ ಲೆಕ್ಕಪತ್ರವನ್ನು ಕೆಲವು ವರ್ಷ ನೋಡಿಕೊಂಡವನು ನಾನು. ಮುಂಗಡ ವಾಪಸ್ ಕೊಡಿ ಎಂದು ಬಂದ ಪತ್ರಗಳನ್ನು ಸಮಿತಿಯ ಬದಿಯಲ್ಲಿ ಕುಳಿತು ಓದಿದ್ದೇನೆ. ನಿಜವಾದ ಕಷ್ಟದಲ್ಲಿದ್ದವರ ಪತ್ರಗಳೇ ಎಷ್ಟೋ ಸಲ ತೀರ್ಮಾನವಾಗದೆ ಉಳಿಯುತ್ತಿದ್ದವು. ಅವುಗಳಲ್ಲಿ ಕಾಯಿಲೆಯ ವಿವರ ಒಂದು ಪುಟ ಇರುತ್ತಿತ್ತು, ಸಮಿತಿ ಠರಾವು ಬರೆಯಲು ಬೇಕಾದ ಒಂದು ಸಾಲೂ ಇರುತ್ತಿರಲಿಲ್ಲ.

ಕಾಯಿಲೆಯ ಸುದ್ದಿ ಕೇಳಿ ಸಮಿತಿಯವರಿಗೆ ಮರುಕ ಬರುತ್ತದೆ, ಅದು ಸುಳ್ಳಲ್ಲ. ಆದರೆ ಖಜಾಂಚಿ ಹಣ ಬಿಡುವುದು ಮೂರು ಸಂಗತಿ ನೋಡಿ: ನೀವು ಆ ದಿನವನ್ನು ಯಾವತ್ತು ಬಿಟ್ಟುಕೊಟ್ಟಿರಿ, ಆ ದಿನ ಬೇರೆಯವರಿಗೆ ಹೋಯಿತೋ ಇಲ್ಲವೋ, ಮತ್ತು ನೀವು ಕೇಳುತ್ತಿರುವುದು ಎಷ್ಟು. ಪತ್ರ ಈ ಮೂರರ ಮೇಲೆ ನಿಲ್ಲಬೇಕು.

ಒಂದು ಮನೆಯ ಸಂದರ್ಭವನ್ನು ಮುಂದಿಟ್ಟುಕೊಂಡು ನೋಡೋಣ. ಶಿರಸಿ ಹತ್ತಿರದ ಊರು. ಮೇ 8ಕ್ಕೆ ಮಾಣಿಯ ಉಪನಯನ ಎಂದು ಜನವರಿಯಲ್ಲೇ ಸಭಾಭವನ ಹಿಡಿದಿದ್ದರು. ದಿನದ ಬಾಡಿಗೆ 60,000 ರೂಪಾಯಿ. ಕಾದಿರಿಸುವಾಗ ಕೊಟ್ಟದ್ದು 30,000: ಬಾಡಿಗೆಯ ಮುಂಗಡ 20,000, ಪಾತ್ರೆ-ಸಾಮಾನಿನ ಠೇವಣಿ 10,000. ಏಪ್ರಿಲ್ 13ರ ರಾತ್ರಿ ಮಾಣಿಯ ಅಜ್ಜನಿಗೆ ಪಾರ್ಶ್ವವಾಯು ಬಡಿದು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಉಪನಯನ ಮುಂದೆ ಹೋಯಿತು. ಹೊಸ ದಿನ ಗೊತ್ತಿಲ್ಲ.

ಮೊದಲ ದಿನ: ತಾರೀಖು ಬಿಟ್ಟುಕೊಡಿ

ಆಸ್ಪತ್ರೆಯ ಓಡಾಟದಲ್ಲಿ ಪತ್ರ ಬರೆಯಲು ಪುರುಸೊತ್ತು ಇರುವುದಿಲ್ಲ. ಆದರೂ ಒಂದು ಕೆಲಸ ಅದೇ ದಿನ ಆಗಬೇಕು. ಸಭಾಭವನದ ವ್ಯವಸ್ಥಾಪಕರಿಗೆ ಫೋನ್ ಮಾಡಿ ಹೇಳಿ, ಕೂಡಲೇ ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ. ಎರಡು ಸಾಲು ಸಾಕು: "ಮೇ 8ರ ಉಪನಯನ ಮನೆಯ ಹಿರಿಯರ ಅನಾರೋಗ್ಯದಿಂದ ರದ್ದಾಗಿದೆ. ಆ ದಿನವನ್ನು ಇಂದಿನಿಂದ ಬಿಟ್ಟುಕೊಟ್ಟಿದ್ದೇವೆ, ಬೇರೆಯವರು ಕೇಳಿದರೆ ಕೊಡಬಹುದು. ಮುಂಗಡದ ಬಗ್ಗೆ ಪತ್ರ ಕೊಡುತ್ತೇವೆ."

ನಡುವಿನ ಸಾಲನ್ನು ಬಿಡಬೇಡಿ. "ಕಾರ್ಯಕ್ರಮ ಆಗುವ ಹಾಗೆ ಕಾಣುವುದಿಲ್ಲ, ನೋಡೋಣ" ಎಂದು ಫೋನಿನಲ್ಲಿ ಹೇಳಿದರೆ ವ್ಯವಸ್ಥಾಪಕರು ಆ ದಿನವನ್ನು ಬೇರೆಯವರಿಗೆ ಕೊಡುವಂತಿಲ್ಲ. ನಾಳೆ ನೀವೇ ಬಂದು "ಅಜ್ಜ ಚೇತರಿಸಿಕೊಂಡರು, ಹಾಲ್ ಬೇಕು" ಎಂದರೆ ಅವರು ಸಿಕ್ಕಿಬೀಳುತ್ತಾರೆ. ಡೈರಿಯಲ್ಲಿ ನಿಮ್ಮ ಹೆಸರು ಹಾಗೇ ಉಳಿಯುತ್ತದೆ, ಕೇಳಿಕೊಂಡು ಬಂದ ಎರಡು ಮನೆಯವರು ಬೇರೆ ಕಡೆ ಹೋಗುತ್ತಾರೆ. ಆಮೇಲೆ "ದಿನ ಖಾಲಿ ಹೋಯಿತು, ನಮಗೆ ನಷ್ಟ" ಎಂಬ ಮಾತು ಬರುತ್ತದೆ. ಆಗ ಆ ಮಾತಿನಲ್ಲಿ ನ್ಯಾಯವೂ ಇರುತ್ತದೆ. ಏಪ್ರಿಲ್-ಮೇ ಶಾಲೆಗೆ ರಜೆ ಇರುವ ಕಾಲ, ಮದುವೆ-ಮುಂಜಿ ಎರಡೂ ಆಗಲೇ. ಮೂರು ವಾರ ಮೊದಲು ಬಿಟ್ಟುಕೊಟ್ಟ ದಿನಕ್ಕೆ ಗಿರಾಕಿ ಸಿಗುವ ಸಂಭವ ಚೆನ್ನಾಗಿಯೇ ಇರುತ್ತದೆ.

ಈ ಉಪನಯನದ ಮನೆಯವರು ಏಪ್ರಿಲ್ 14ಕ್ಕೆ, ಎಂದರೆ 24 ದಿನ ಮೊದಲೇ, ಸಂದೇಶ ಕಳಿಸಿದರು. ಎರಡು ನೀಲಿ ಗೆರೆ ಬಂದ ಮೇಲೆ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟರು. ಮುಂದಿನ ವಾದವೆಲ್ಲ ಆ ಒಂದು ತಾರೀಖಿನ ಮೇಲೆ ನಿಂತಿದೆ.

ರಸೀದಿಯನ್ನು ಎರಡೂ ಬದಿ ಓದಿ

ರಸೀದಿ ಯಾರ ಹೆಸರಲ್ಲಿದೆ ನೋಡಿ. ಹಣ ಅದೇ ಹೆಸರಿಗೆ ವಾಪಸಾಗಬೇಕು ಎನ್ನುವುದು ಲೆಕ್ಕದ ಪದ್ಧತಿ. ನಮ್ಮಲ್ಲಿ ಸಭಾಭವನ ಹಿಡಿಯಲು ಮನೆಯ ಹಿರಿಯರೇ ಹೋಗುವುದು ರೂಢಿ. ಹಾಗಾಗಿ ಎಷ್ಟೋ ಸಲ ರಸೀದಿ ಇರುವುದು ಆಸ್ಪತ್ರೆಯಲ್ಲಿ ಮಲಗಿದವರ ಹೆಸರಲ್ಲೇ. ಅವರು ಸಹಿ ಮಾಡಬಲ್ಲರಾದರೆ "ಮುಂಗಡ ಹಣವನ್ನು ನನ್ನ ಮಗನ ಖಾತೆಗೆ ಕೊಡಲು ಒಪ್ಪಿದ್ದೇನೆ" ಎಂದು ಒಂದು ಸಾಲಿನ ಒಪ್ಪಿಗೆ ಪತ್ರ ಪಡೆಯಿರಿ. ಸಹಿ ಮಾಡಲಾಗದಿದ್ದರೆ ಹಣ ಅವರ ಸ್ವಂತ ಖಾತೆಗೇ ಬರಲಿ ಎಂದು ಕೇಳಿ. ಆಗ ಯಾರೂ ತಕರಾರು ತೆಗೆಯಲಾರರು.

ಕೊಟ್ಟ ಹಣ ಯಾವ ಯಾವ ಬಾಬಿಗೆ ಜಮಾ ಆಗಿದೆ ಎಂಬುದನ್ನೂ ನೋಡಬೇಕು. ಬಾಡಿಗೆಯ ಮುಂಗಡ ಬೇರೆ, ಠೇವಣಿ ಬೇರೆ. ಪಾತ್ರೆ ಕಳೆದರೆ, ಕುರ್ಚಿ ಮುರಿದರೆ ಇರಲಿ ಎಂದು ಇಟ್ಟುಕೊಳ್ಳುವ ಹಣ ಠೇವಣಿ. ಬೀಗದ ಕೈಯನ್ನೇ ನೀವು ಪಡೆಯದ ಮೇಲೆ ಅದರಲ್ಲಿ ಒಂದು ರೂಪಾಯಿ ಮುರಿದುಕೊಳ್ಳಲೂ ಕಾರಣವಿಲ್ಲ. ವಿದ್ಯುತ್, ಜನರೇಟರ್, ಸ್ವಚ್ಛತೆಗೆಂದು ಮೊದಲೇ ತೆಗೆದುಕೊಂಡ ಹಣಕ್ಕೂ ಇದೇ ಮಾತು. ರಸೀದಿಯಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ವಾಪಸಾಗುವ ಮೊತ್ತಕ್ಕೆ ತಕ್ಕ ತೆರಿಗೆಯನ್ನೂ ಸೇರಿಸಿ ಕೇಳಿ. ಮುಂಗಡ ಪಡೆದು ಸೇವೆ ಕೊಡದಿದ್ದಾಗ ಮರುಪಾವತಿ ವೋಚರ್ ಕೊಡುವ ವ್ಯವಸ್ಥೆ ಆ ಕಾಯ್ದೆಯಲ್ಲೇ ಇದೆ.

ಇನ್ನು ರಸೀದಿಯ ಹಿಂಬದಿ. "ಮುಂಗಡ ಹಣವನ್ನು ಯಾವುದೇ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ" ಎಂಬ ಸಾಲು ಕಂಡೊಡನೆ ಬಹಳ ಜನ ಕೈಬಿಡುತ್ತಾರೆ. ಬಿಡಬೇಡಿ.

ಆ ಸಾಲಿಗೆ ಎಷ್ಟು ಬಲ?

1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಹೇಳುವುದು ಇಷ್ಟು: ಕರಾರು ಮುರಿದರೆ ಇಂತಿಷ್ಟು ಕೊಡಬೇಕು ಎಂದು ಮೊದಲೇ ಬರೆದಿದ್ದರೂ ಎದುರಿನವರಿಗೆ ಸಲ್ಲುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದಕ್ಕೆ ಮೇಲಿನ ಮಿತಿ. 73ನೇ ಕಲಮಿನ ವಿವರಣೆಯ ಪ್ರಕಾರ ನಷ್ಟ ಲೆಕ್ಕ ಹಾಕುವಾಗ ಆ ನಷ್ಟವನ್ನು ತಗ್ಗಿಸಲು ಇದ್ದ ದಾರಿಯನ್ನೂ ಗಮನಿಸಬೇಕು. ಸಭಾಭವನದ ಮಟ್ಟಿಗೆ ಆ ದಾರಿ ಎಂದರೆ ದಿನವನ್ನು ಬೇರೆಯವರಿಗೆ ಕೊಡುವುದು.

ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಹರಾಜಿನಲ್ಲಿ ನಿವೇಶನ ಹಿಡಿದವರ 78 ಲಕ್ಷ ರೂಪಾಯಿಯನ್ನು ಪ್ರಾಧಿಕಾರ ಮುಟ್ಟುಗೋಲು ಹಾಕಿಕೊಂಡಿತ್ತು. ಅದೇ ನಿವೇಶನವನ್ನು ಮುಂದೆ ಇನ್ನೂ ಹೆಚ್ಚಿನ ಬೆಲೆಗೆ ಮಾರಿತ್ತು. ನಷ್ಟವೇ ಆಗದಿರುವಾಗ ಹಣ ಇಟ್ಟುಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ವಾಪಸ್ ಕೊಡಿಸಿತು. ನೀವು ಬಿಟ್ಟ ದಿನದಲ್ಲಿ ಬೇರೆಯವರ ಮದುವೆ ನಡೆದಿದ್ದರೆ ನಿಮ್ಮ ಮಾತಿಗೂ ಇದೇ ಆಧಾರ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮನೆಯವರ ಕಾಯಿಲೆ ತಾನಾಗಿಯೇ ಕರಾರನ್ನು ರದ್ದು ಮಾಡುವುದಿಲ್ಲ. ಕಟ್ಟಡ ಇತ್ತು, ಆ ದಿನ ಕೊಡಲು ಅವರು ಸಿದ್ಧರಿದ್ದರು. ಮೇ ತಿಂಗಳ ಮುಹೂರ್ತದ ದಿನವನ್ನು ಮೂರು ದಿನ ಮೊದಲು ಬಿಟ್ಟು, ಅದು ಖಾಲಿಯೇ ಹೋಗಿದ್ದರೆ ಬಾಡಿಗೆಯ ಮುಂಗಡ ಪೂರ್ತಿ ಬರುವುದು ಕಷ್ಟ. ಅಂಥಲ್ಲಿ ಠೇವಣಿಯನ್ನು ಹಕ್ಕಿನಿಂದ ಕೇಳಿ, ಮುಂಗಡದ ಒಂದು ಪಾಲನ್ನು ವಿನಂತಿಯಾಗಿ ಕೇಳಿ. ಎರಡಕ್ಕೂ ಒಂದೇ ಧಾಟಿ ಹಿಡಿದರೆ ಎರಡೂ ಸಡಿಲವಾಗುತ್ತವೆ.

ಎಷ್ಟು ಕೇಳಬೇಕು

"ದಯವಿಟ್ಟು ಸಾಧ್ಯವಾದಷ್ಟು ಹಣ ಹಿಂದಿರುಗಿಸಿ" ಎಂದು ಬರೆಯುವವರೇ ಹೆಚ್ಚು. ವಿನಯವೇನೋ ಸರಿ, ಆದರೆ ಸಭೆಯಲ್ಲಿ ಈ ಸಾಲು ತೊಡಕು ಮಾಡುತ್ತದೆ. ಒಬ್ಬರು ಅರ್ಧ ಎನ್ನುತ್ತಾರೆ, ಇನ್ನೊಬ್ಬರು ಕಾಲು ಎನ್ನುತ್ತಾರೆ, ಮತ್ತೊಬ್ಬರು "ಇವರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ" ಎನ್ನುತ್ತಾರೆ. ಅಧ್ಯಕ್ಷರು ಮುಂದಿನ ಸಭೆಗೆ ಇಡೋಣ ಎನ್ನುತ್ತಾರೆ. ಅಂಕಿ ಇದ್ದರೆ ಚರ್ಚೆ ಆ ಅಂಕಿಯ ಸುತ್ತ ನಡೆದು ಅವತ್ತೇ ಮುಗಿಯುತ್ತದೆ.

ಉಪನಯನದ ಮನೆಯವರ ಲೆಕ್ಕ ಹೀಗಿತ್ತು. ಠೇವಣಿ 10,000 ಪೂರ್ತಿ. ದಿನ ಬೇರೆಯವರಿಗೆ ಹೋದರೆ ಮುಂಗಡದ 20,000ದಲ್ಲಿ ಕಚೇರಿ ಖರ್ಚಿಗೆ 1,000 ಬಿಟ್ಟು 19,000. ಒಟ್ಟು 29,000. ದಿನ ಖಾಲಿಯೇ ಉಳಿದರೆ ಮುಂಗಡದ ಅರ್ಧ 10,000, ಠೇವಣಿ ಸೇರಿ 20,000. ಎರಡನ್ನೂ ಪತ್ರದಲ್ಲೇ ಬರೆಯುವುದು ನನಗೆ ಸರಿ ಕಾಣುತ್ತದೆ. ಚೌಕಾಶಿಯಲ್ಲಿ ಕೆಳಗಿನ ಅಂಕಿಯನ್ನು ಮೊದಲೇ ಬಿಟ್ಟುಕೊಡಬಾರದು ಎನ್ನುವವರಿದ್ದಾರೆ. ಆದರೆ ಊರಿನ ಸಮಿತಿಯ ಎದುರು ನಿಮ್ಮ ಲೆಕ್ಕ ನ್ಯಾಯವಾಗಿದೆ ಎಂದು ಕಾಣುವುದೇ ದೊಡ್ಡ ಬಲ. ಕೆಳಗಿನ ಅಂಕಿ ಯಾವ ಸಂದರ್ಭಕ್ಕೆ ಎಂಬುದು ಬರವಣಿಗೆಯಲ್ಲಿ ಖಚಿತವಾಗಿರಲಿ, ಅಷ್ಟೇ.

ಹಣದ ಬದಲು ಬೇರೆ ದಿನ ಕೊಡುತ್ತೇವೆ ಎಂದು ಸಭಾಭವನದವರು ಸಾಮಾನ್ಯವಾಗಿ ಹೇಳುತ್ತಾರೆ. ಒಪ್ಪುವುದಾದರೆ ಎಷ್ಟು ತಿಂಗಳೊಳಗೆ ಬಳಸಬೇಕು, ಆಗ ಬಾಡಿಗೆ ಏರಿದ್ದರೆ ಯಾವ ದರ, ಬೇಕಾದ ದಿನ ಸಿಗದಿದ್ದರೆ ಹಣ ವಾಪಸಾಗುತ್ತದೆಯೇ, ಈ ಮೂರನ್ನೂ ಬರೆಸಿಕೊಳ್ಳಿ. ಪಾರ್ಶ್ವವಾಯು ಆದವರ ಚೇತರಿಕೆಗೆ ಎಷ್ಟು ಕಾಲ ಬೇಕೆಂದು ವೈದ್ಯರೂ ಹೇಳಲಾರರು. ಅಂಥ ಮನೆಯವರು ಹಣವನ್ನೇ ಕೇಳುವುದು ಮೇಲು. ಆಸ್ಪತ್ರೆಯ ಖರ್ಚು ಎದುರಿಗಿದೆ.

ಯಾರಿಗೆ ಬರೆಯಬೇಕು, ಜೊತೆಗೆ ಏನು ಇಡಬೇಕು

"ನನ್ನ ಕೈಲಿ ಏನಿಲ್ಲ, ಸಮಿತಿಯವರ ಹತ್ತಿರ ಕೇಳಿ ಹೇಳ್ತೇನೆ" ಎಂದು ವ್ಯವಸ್ಥಾಪಕರು ಹೇಳಿದರೆ ಅದು ನುಣುಚಿಕೊಳ್ಳುವ ಮಾತು ಎಂದುಕೊಳ್ಳಬೇಡಿ, ಅದೇ ನಿಜ. ಪತ್ರವನ್ನು ಅಧ್ಯಕ್ಷರು ಅಥವಾ ಕಾರ್ಯದರ್ಶಿಗಳ ಹೆಸರಿಗೆ ಬರೆದು, ಪ್ರತಿಯನ್ನು ವ್ಯವಸ್ಥಾಪಕರಿಗೆ ಕೊಡಿ. ಖಾಸಗಿ ಹಾಲ್ ಆದರೆ ಮಾಲೀಕರಿಗೆ. ಗ್ರಾಮ ಪಂಚಾಯಿತಿಯ ಸಮುದಾಯ ಭವನವಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಪಟ್ಟಣ ಪಂಚಾಯಿತಿಯದಾದರೆ ಮುಖ್ಯಾಧಿಕಾರಿಗೆ, ನಗರಸಭೆಯದಾದರೆ ಪೌರಾಯುಕ್ತರಿಗೆ. ಅಲ್ಲಿ ಮರುಪಾವತಿಗೆ ನಿಯಮ ಇದೆಯೇ ಎಂದು 10 ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕಿನಡಿ ಕೇಳಿ ತಿಳಿಯಬಹುದು.

ಜೊತೆಗೆ ರಸೀದಿಯ ಎರಡೂ ಬದಿಯ ಝೆರಾಕ್ಸ್, ಫೋನ್‌ಪೇ ಅಥವಾ ಬ್ಯಾಂಕಿನಿಂದ ಕಳಿಸಿದ್ದರೆ ಆ ವ್ಯವಹಾರದ ಸಂಖ್ಯೆ, ಪಾಸ್‌ಬುಕ್ಕಿನ ಮೊದಲ ಪುಟ, ವಾಟ್ಸ್ಆ್ಯಪ್ ಸಂದೇಶದ ಮುದ್ರಿತ ಪ್ರತಿ ಇಡಿ. ಮೂಲ ರಸೀದಿಯನ್ನು ಕೈಯಿಂದ ಬಿಡಬೇಡಿ. ಹಣ ಬರುವ ದಿನ ತೋರಿಸಿದರಾಯಿತು.

ವೈದ್ಯಕೀಯ ದಾಖಲೆ ಒಂದೇ ಸಾಕು: ದಾಖಲಾದ ದಿನ ಮತ್ತು ವಿಶ್ರಾಂತಿಯ ಅಗತ್ಯ ತಿಳಿಸುವ ವೈದ್ಯರ ಪ್ರಮಾಣಪತ್ರ. ಸ್ಕ್ಯಾನ್ ವರದಿ, ರಕ್ತಪರೀಕ್ಷೆ, ಔಷಧಿ ಚೀಟಿಗಳನ್ನೆಲ್ಲ ಲಗತ್ತಿಸುವುದು ಬೇಡ. ಆ ಕಡತ ಸಭೆಯಲ್ಲಿ ಹತ್ತು ಕೈ ತಿರುಗುತ್ತದೆ. ಮನೆಯ ಹಿರಿಯರ ಶರೀರದ ಸ್ಥಿತಿ ಊರ ಮಾತಾಗಲು ಅಷ್ಟು ಸಾಕು. ಕಾಯಿಲೆಯ ಹೆಸರನ್ನೂ ಬರೆಯದೆ "ತೀವ್ರ ಅನಾರೋಗ್ಯ" ಎಂದರೆ ನಡೆಯುತ್ತದೆ.

ಪತ್ರ

ಏಪ್ರಿಲ್ 16ರಂದು ಅವರು ಕೊಟ್ಟ ಪತ್ರದ ಮಾದರಿ ಇದು. ಚುಕ್ಕಿ ಇರುವಲ್ಲಿ ನಿಮ್ಮ ವಿವರ ತುಂಬಿ. ತಾರೀಖುಗಳಿಗೆ ವರ್ಷ ಸೇರಿಸಲು ಮರೆಯಬೇಡಿ.

> ದಿನಾಂಕ: ಏಪ್ರಿಲ್ 16, ........
> ಶಿರಸಿ
>
> ಇವರಿಗೆ,
> ಅಧ್ಯಕ್ಷರು / ಕಾರ್ಯದರ್ಶಿಗಳು,
> ........ ಸಭಾಭವನ ಸಮಿತಿ, ಶಿರಸಿ
>
> ಇವರಿಂದ,
> ........ (ರಸೀದಿಯಲ್ಲಿರುವ ಹೆಸರು, ಊರು, ಅಂಚೆ, ಮೊಬೈಲ್)
>
> ವಿಷಯ: ಮೇ 8ರ ಕಾದಿರಿಸುವಿಕೆ ರದ್ದು ಮತ್ತು ಮುಂಗಡ ಹಣದ ಮರುಪಾವತಿ.
> ಉಲ್ಲೇಖ: ರಸೀದಿ ಸಂಖ್ಯೆ ........, ದಿನಾಂಕ ........, ಮೊತ್ತ ರೂ. 30,000.
>
> ಮಾನ್ಯರೇ,
>
> ನಮ್ಮ ಮಗನ ಉಪನಯನಕ್ಕಾಗಿ ತಮ್ಮ ಸಭಾಭವನವನ್ನು ಮೇ 8ಕ್ಕೆ ಕಾದಿರಿಸಿ, ಬಾಡಿಗೆಯ ಮುಂಗಡ ರೂ. 20,000 ಮತ್ತು ಠೇವಣಿ ರೂ. 10,000 ಪಾವತಿಸಿದ್ದೇವೆ.
>
> ನನ್ನ ತಂದೆಯವರು ತೀವ್ರ ಅನಾರೋಗ್ಯದಿಂದ ಏಪ್ರಿಲ್ 13ರಂದು ಆಸ್ಪತ್ರೆಗೆ ದಾಖಲಾಗಿದ್ದು, ಉಪನಯನವನ್ನು ರದ್ದು ಮಾಡಬೇಕಾಯಿತು. ವೈದ್ಯರ ಪ್ರಮಾಣಪತ್ರ ಲಗತ್ತಿಸಿದೆ. ಈ ವಿಷಯವನ್ನು ಏಪ್ರಿಲ್ 14ರಂದೇ ವ್ಯವಸ್ಥಾಪಕರಿಗೆ ಫೋನ್ ಮತ್ತು ವಾಟ್ಸ್ಆ್ಯಪ್ ಮೂಲಕ ತಿಳಿಸಿ, ಮೇ 8ರ ದಿನವನ್ನು ಬಿಟ್ಟುಕೊಟ್ಟಿದ್ದೇವೆ. ಆ ದಿನದ ಮೇಲೆ ನಮ್ಮ ಯಾವ ಹಕ್ಕೂ ಇಲ್ಲ, ತಾವು ಬೇರೆಯವರಿಗೆ ಕೊಡಬಹುದು.
>
> ಸಭಾಭವನವನ್ನು ನಾವು ಬಳಸದೇ ಇರುವುದರಿಂದ ಠೇವಣಿ ರೂ. 10,000 ಪೂರ್ಣವಾಗಿ ಹಿಂದಿರುಗಬೇಕು. ಮೇ 8 ಬೇರೆಯವರಿಗೆ ನಿಗದಿಯಾದಲ್ಲಿ ಬಾಡಿಗೆಯ ಮುಂಗಡದಲ್ಲಿ ಕಚೇರಿ ವೆಚ್ಚಕ್ಕಾಗಿ ರೂ. 1,000 ಕಳೆದು ರೂ. 19,000 ಸೇರಿಸಿ ಒಟ್ಟು ರೂ. 29,000 ಕೊಡಬೇಕೆಂದು ಕೋರುತ್ತೇವೆ. ಆ ದಿನ ಯಾರಿಗೂ ನಿಗದಿಯಾಗದೆ ಖಾಲಿ ಉಳಿದಲ್ಲಿ ಮಾತ್ರ, ಮುಂಗಡದ ಅರ್ಧ ಭಾಗ ಸೇರಿ ರೂ. 20,000 ಕೊಡಬೇಕೆಂದು ವಿನಂತಿ.
>
> ಮುಂಗಡ ಹಿಂದಿರುಗಿಸುವುದಿಲ್ಲ ಎಂಬ ರಸೀದಿಯ ಷರತ್ತನ್ನು ಓದಿದ್ದೇವೆ. 24 ದಿನ ಮೊದಲೇ ದಿನ ಬಿಟ್ಟುಕೊಟ್ಟಿರುವುದರಿಂದ, ಸಭಾಭವನಕ್ಕೆ ನಿಜವಾಗಿ ಆದ ನಷ್ಟಕ್ಕಿಂತ ಹೆಚ್ಚು ಮುರಿದುಕೊಳ್ಳುವುದು ಬೇಡ ಎಂಬುದಷ್ಟೇ ನಮ್ಮ ಕೋರಿಕೆ. ಸಮಿತಿಯ ತೀರ್ಮಾನವನ್ನು ಮೇ 25ರೊಳಗೆ ಲಿಖಿತವಾಗಿ ತಿಳಿಸಿ, ಹಣವನ್ನು ಈ ಖಾತೆಗೆ ಜಮಾ ಮಾಡಬೇಕು: ........
>
> ತಮ್ಮ ವಿಶ್ವಾಸಿ,
> (ಸಹಿ)
>
> ಲಗತ್ತು: ರಸೀದಿಯ ಪ್ರತಿ, ವೈದ್ಯರ ಪ್ರಮಾಣಪತ್ರ, ಸಂದೇಶದ ಪ್ರತಿ, ಪಾಸ್‌ಬುಕ್ ಪ್ರತಿ.
> ಪ್ರತಿ: ವ್ಯವಸ್ಥಾಪಕರಿಗೆ.

ಮೊದಲ ಪತ್ರದಲ್ಲಿ ಕಾಯ್ದೆಯ ಕಲಂ ಹೆಸರಿಸಿಲ್ಲ, ಗಮನಿಸಿ. "ನಿಜವಾಗಿ ಆದ ನಷ್ಟ" ಎಂಬಲ್ಲಿ ಕಾಯ್ದೆಯ ಸಾರ ಬಂದಿದೆ. ವಕೀಲರ ನೋಟಿಸಿನಂತೆ ಕಂಡ ಪತ್ರವನ್ನು ಸಮಿತಿ ತನ್ನ ವಕೀಲರ ಹತ್ತಿರ ಕಳಿಸಿ ಕೂರುತ್ತದೆ.

ಪತ್ರವನ್ನು ಕೈಯಲ್ಲೇ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ "ಸ್ವೀಕರಿಸಿದೆ" ಎಂದು ತಾರೀಖು, ಸಹಿ, ಮೊಹರು ಹಾಕಿಸಿಕೊಳ್ಳಿ. ಹಾಕಲು ಹಿಂದೆಮುಂದೆ ನೋಡಿದರೆ ವಾದ ಮಾಡದೆ ಸ್ಪೀಡ್ ಪೋಸ್ಟ್ ಮಾಡಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಅದರಲ್ಲೇ ಸೇರಿಹೋಗಿದೆ. ತಲುಪಿದ ವಿವರ ಅಂಚೆ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ, ಅದನ್ನು ಮುದ್ರಿಸಿ ಇಟ್ಟುಕೊಳ್ಳಿ.

ಮೇ 8ರಂದು ಅಲ್ಲಿ ಏನು ನಡೆಯಿತು?

ಇದನ್ನು ತಿಳಿಯುವುದು ನಿಮ್ಮದೇ ಕೆಲಸ. ಪಟ್ಟಣ ಸಣ್ಣದು. ಅಡುಗೆಯವರು, ಪುರೋಹಿತರು, ಹೂವಿನ ಅಲಂಕಾರದವರು, ವಾದ್ಯದವರು, ಇವರಲ್ಲಿ ಒಬ್ಬರಿಗಾದರೂ ಅವತ್ತು ಆ ಸಭಾಭವನದಲ್ಲಿ ಯಾರ ಮನೆ ಕಾರ್ಯವಿತ್ತು ಎಂಬುದು ಗೊತ್ತಿರುತ್ತದೆ. ಆಮಂತ್ರಣ ಪತ್ರಿಕೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಪುರಾವೆಯಿಲ್ಲ, ದಿನ ಮತ್ತು ಸ್ಥಳ ಎರಡೂ ಅದರಲ್ಲಿ ಅಚ್ಚಾಗಿರುತ್ತವೆ. ಬಾಗಿಲಲ್ಲಿ ಹಾಕಿದ ವಧೂವರರ ಹೆಸರಿನ ಫಲಕದ ಫೋಟೋವೂ ಸಾಕು. ಆ ಮನೆಯವರ ಹತ್ತಿರ ಹೋಗಿ ಗಲಾಟೆ ಮಾಡಬೇಡಿ, ಅವರ ತಪ್ಪೇನೂ ಇಲ್ಲ.

ನಮ್ಮ ಸಂದರ್ಭದಲ್ಲಿ ಆ ದಿನ ಒಂದು ಮದುವೆ ನಡೆಯಿತು. ಸಮಿತಿ ಮಾತ್ರ ಠೇವಣಿಯ 10,000 ಕೊಟ್ಟು, ಮುಂಗಡಕ್ಕೆ ರಸೀದಿಯ ಷರತ್ತು ತೋರಿಸಿತು. ಮೇ 26ಕ್ಕೆ ಎರಡನೇ ಪತ್ರ ಹೋಯಿತು. ಅದರಲ್ಲಿ ಮೂರೇ ಮಾತು: ಏಪ್ರಿಲ್ 16ರ ಪತ್ರದ ಉಲ್ಲೇಖ, ಮೇ 8ರಂದು ಸಭಾಭವನ ಬಾಡಿಗೆಗೆ ಹೋಗಿದ್ದಕ್ಕೆ ಪುರಾವೆ, ಮತ್ತು 74ನೇ ಕಲಮಿನ ಪ್ರಕಾರ ನಷ್ಟವಿಲ್ಲದೆ ಮುಂಗಡ ಇಟ್ಟುಕೊಳ್ಳಲಾಗದು ಎಂಬ ಸಾಲು. ಕಾಯ್ದೆ ಬರಬೇಕಾದ ಜಾಗ ಇದು. ಉಳಿದ 19,000ಕ್ಕೆ 15 ದಿನದ ಗಡುವು ಕೊಟ್ಟು, ಆಮೇಲೆ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ ಎಂದು ಮುಗಿಸಿದರು. ಹೋಗುವ ಮನಸ್ಸಿಲ್ಲದಿದ್ದರೆ ಆ ಸಾಲು ಬರೆಯಬೇಡಿ.

ಆಗಲೂ ಕೊಡದಿದ್ದರೆ

ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅದಕ್ಕೆ ಆದೇಶ ಮಾಡುವ ಅಧಿಕಾರವಿಲ್ಲ, ಆದರೆ ಹೊರಗಿನಿಂದ ಒಂದು ಪ್ರಶ್ನೆ ಬಂದರೆ ಕೆಲವು ಸಮಿತಿಗಳು ಆಲೋಚನೆ ಬದಲಿಸುತ್ತವೆ. ಮುಂದಿನದು ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಬೇಕೇಬೇಕು ಎಂದೂ ಇಲ್ಲ. `e-jagriti.gov.in` ಮೂಲಕ ಮನೆಯಿಂದಲೇ ಸಲ್ಲಿಸಬಹುದು, ಘಟ್ಟದ ಮೇಲಿನವರು ಅದಕ್ಕಾಗಿ ಕಾರವಾರಕ್ಕೆ ಇಳಿಯಬೇಕಿಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಹೋಗಬೇಕು.

ದೂರು ಬರೆಯುವಾಗ ಒಂದು ಎಚ್ಚರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು ಎಂಬ ವ್ಯಾಖ್ಯೆ ಇದೆ, ನಷ್ಟಕ್ಕೆ ತಾಳೆಯಿಲ್ಲದ ದಂಡ ಹೇರುವ ಷರತ್ತು ಅದರಲ್ಲಿ ಬರುತ್ತದೆ. ಓದಿದಾಗ ನಮಗೆಂದೇ ಬರೆದಂತಿದೆ. ಆದರೆ ಆ ಷರತ್ತನ್ನೇ ರದ್ದು ಮಾಡಿ ಎಂದು ಕೇಳುವ ದೂರು ಸಲ್ಲುವುದು ರಾಜ್ಯ ಆಯೋಗಕ್ಕೆ, ಜಿಲ್ಲಾ ಆಯೋಗಕ್ಕಲ್ಲ. 19,000 ರೂಪಾಯಿಗಾಗಿ ಅಲ್ಲಿಯವರೆಗೆ ಹೋಗುವುದು ಬೇಡ. ಕಾರವಾರದ ದೂರನ್ನು ಸೇವಾ ನ್ಯೂನತೆ ಎಂದೇ ಬರೆಯಿರಿ: ಕೊಡದ ಸೇವೆಗೆ ಹಣ ಇಟ್ಟುಕೊಂಡರು, ಅದೇ ದಿನಕ್ಕೆ ಇನ್ನೊಬ್ಬರಿಂದಲೂ ಬಾಡಿಗೆ ಪಡೆದರು.

ಹಣ ಬಂದಾಗ

ಚೆಕ್ ಕೊಟ್ಟರೆ ಹೆಸರು, ಮೊತ್ತ, ತಾರೀಖು ನೋಡಿ. ಚೆಕ್ ಚಾಲ್ತಿಯಲ್ಲಿರುವುದು ಬರೆದ ದಿನದಿಂದ ಮೂರೇ ತಿಂಗಳು. ಆಸ್ಪತ್ರೆಯ ಗಡಿಬಿಡಿಯಲ್ಲಿ ಕಪಾಟಿನಲ್ಲಿ ಉಳಿದುಬಿಡದಿರಲಿ. ವೋಚರಿಗೆ ಸಹಿ ಹಾಕುವ ಮೊದಲು ಅದರಲ್ಲಿ ಬರೆದದ್ದನ್ನು ಓದಿ. ಕೇಳಿದಷ್ಟು ಬಂದಿದ್ದರೆ ತಕರಾರಿಲ್ಲ. ಠೇವಣಿಯಷ್ಟೇ ಬಂದು ವೋಚರಿನಲ್ಲಿ "ಪೂರ್ಣ ಲೆಕ್ಕ ಚುಕ್ತಾ" ಎಂದಿದ್ದರೆ ಸಹಿಯ ಪಕ್ಕದಲ್ಲಿ "ಠೇವಣಿ ರೂ. 10,000 ಮಾತ್ರ ಪಡೆದಿದ್ದೇನೆ, ಬಾಡಿಗೆಯ ಮುಂಗಡ ಬಾಕಿ ಇದೆ" ಎಂದು ಕೈಬರಹದಲ್ಲಿ ಸೇರಿಸಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡ ಮೇಲೆ ವೋಚರ್ ಹಿಂದಿರುಗಿಸಿ.